ಕುಬಸಕ್ಕ ಹೋಗಲಿಲ್ಲ, ಕಳಿಸಿದ ಸಾರಿ ಮತ್ತೂ ಕೆಡಿಸ್ತು: ಒಂದು ಮೆಸೇಜಿನ ಪೂರ್ತಿ ಕತಿ

ಇದು ನಮ್ಮ ರೂಮಿನ ದೋಸ್ತಂದು. ಅವನ್ನ ಕೇಳೇ ಬರ್ಯಾಕತ್ತೀನಿ, ಹೆಸರು ಮಾತ್ರ ಹಾಕಬ್ಯಾಡ ಅಂದ, ಹಾಕಿಲ್ಲ. ಅವನ ಹುಡುಗಿನೂ ಓದಿ ಹ್ಞೂಂ ಅಂದಾಳ. ಇವ ಗಂಗಾವತಿ ಕಡೆ ಒಂದು ರೈಸ್ ಮಿಲ್ಲಿನಾಗ ಮೆಂಟೇನೆನ್ಸ್ ನೋಡ್ಕೊಳ್ಳಾವ, ಆಕಿ ಸಿಂಧನೂರಾಗ ಪ್ರೈವೇಟ್ ಸ್ಕೂಲ್ ಟೀಚರು, ಇಬ್ರದೂ ಎರಡು ವರ್ಷದ ಪ್ರೀತಿ. ಆಕಿ ಅವ್ವಗ ವಿಷಯ ಗೊತ್ತು, ಅಪ್ಪಗ ಅರ್ಧ ಗೊತ್ತು ಅರ್ಧ ಗೊತ್ತಿಲ್ಲದಂಗ ಇರ್ತಾರ, ನಮ್ಮ ಕಡೆ ಮನಿಗಳೊಳಗ ಇದು ಹ್ಯಾಂಗಿರ್ತತಿ ಅಂತ ಬಿಡಿಸಿ ಹೇಳೋದು ಬ್ಯಾಡ.

ಡಿಸೆಂಬರಿನ ಒಂದು ಐತವಾರ ಆಕಿ ಅಕ್ಕನ ಕುಬಸ. ಚೊಚ್ಚಲ ಬಸರಿ, ಏಳು ತಿಂಗಳು, ತವರು ಮನ್ಯಾಗ ಕಾರ್ಯ. ಹಸರು ಸೀರಿ, ಹಸರು ಬಳಿ, ಉಡಿ ತುಂಬೋದು, ಮ್ಯಾಲ ಹೋಳಿಗಿ ಊಟ. ಕುಬಸ ಅಂದ್ರ ಹೆಣ್ಮಕ್ಕಳ ಕಾರ್ಯ, ಗಂಡಸರು ಊಟಕ್ಕ ಬರೋದು. ಆದ್ರ ಇವಂಗ ಇದು ಬರೇ ಊಟ ಆಗಿರಲಿಲ್ಲ, ಮೊದಲ್ನೇ ಸಲ ಆಕಿ ಅಪ್ಪ, ದೊಡ್ಡಪ್ಪ, ಅಕ್ಕನ ಗಂಡ ಎಲ್ಲಾರೂ ಇವನ್ನ ಕಣ್ಣಿಲೆ ನೋಡೋ ದಿನ. ಹುಡುಗನ್ನ ನೋಡೋ ಶಾಸ್ತ್ರ ಅಂತ ಯಾರೂ ಬಾಯಿ ಬಿಟ್ಟು ಅಂದಿರಲಿಲ್ಲ, ಎಲ್ಲಾರ ಮನಸಿನ್ಯಾಗೂ ಅದ ಇತ್ತು.

ಹನ್ನೊಂದೂವರಿಗೆ ಉಡಿ ತುಂಬೋದು, ಒಂದು ಗಂಟೆಕ್ಕ ಊಟ. ಕಾರಟಗಿ ಮ್ಯಾಲ ಬಸ್ಸಿಗೆ ಹೋದ್ರ ಒಂದೂವರಿ ತಾಸು ಹಿಡಕೋರಿ. ಇವ ಎಂಟೂವರಿಗೆ ಬಿಡೋದಂತ ಮಾತಾಗಿತ್ತು, ಇಸ್ತ್ರಿ ಮಾಡಿದ ಶರ್ಟು ರೂಮಿನ್ಯಾಗ ಮೊಳಿಗೆ ತೂಗು ಹಾಕಿತ್ತು. ಏಳೂ ನಲವತ್ತಕ್ಕ ಮಿಲ್ಲಿನಿಂದ ಫೋನ್ ಬಂತು. ಡ್ರೈಯರಿಗೆ ಭತ್ತ ಏರಿಸೋ ಎಲಿವೇಟರ್ ಬೆಲ್ಟ್ ಕಟ್ಟಾಗೇತಿ ಅಂತ.

ಗೊತ್ತಿಲ್ಲದವ್ರಿಗೆ ಎರಡು ಮಾತು. ಸ್ಟೀಮ್ ಕೊಟ್ಟ ಭತ್ತ ಬಿಸಿ ಇರ್ತತಿ, ಹಸಿನೂ ಇರ್ತತಿ, ಅದು ಡ್ರೈಯರಿನಾಗ ಮ್ಯಾಲಿಂದ ಕೆಳಗ ಇಳಿಯೋದು, ಎಲಿವೇಟರ್ ಅದನ್ನ ಮತ್ತ ಮ್ಯಾಲ ಎತ್ತೋದು, ಹಿಂಗ ತಿರುಗ್ತಾ ತಿರುಗ್ತಾ ಒಣಗಬೇಕು. ಎಲಿವೇಟರ್ ನಿಂತ್ರ ಭತ್ತ ಇದ್ದಲ್ಲೇ ಕುಂದರ್ತತಿ, ಒಳಗಿಂದೊಳಗ ಕುದ್ದು ಅಕ್ಕಿ ಹಳದಿ ತಿರುಗ್ತತಿ, ಆಮ್ಯಾಲ ಅದಕ್ಕ ರೇಟ್ ಇಲ್ಲ. ಸೀಜನ್ ಬ್ಯಾರೆ. ಹಂಗಾಗಿ ಇವ ಮಿಲ್ಲಿಗೆ ಹೋಗಿದ್ದು ತಪ್ಪಲ್ಲ, ಅದನ್ನ ನಾ ಈಗ್ಲೇ ಹೇಳಿಬಿಡ್ತೀನಿ, ಯಾಕಂದ್ರ ಈ ಕತಿ ಕೇಳಿದವ್ರು ಅರ್ಧ ಮಂದಿ ಹೋಗಬಾರದಿತ್ತು ಅಂತಾರ, ಇನ್ನರ್ಧ ಮಂದಿ ಪಾಪ ಏನ್ ಮಾಡ್ತಾನ ಅಂತಾರ, ಎರಡೂ ಪಾರ್ಟಿ ನೋಡಬೇಕಾದ ಜಾಗ ಬಿಟ್ಟು ಬ್ಯಾರೆ ಕಡೆ ನೋಡಾಕತ್ತಿರ್ತಾವ.

ನೋಡಬೇಕಾದ ಜಾಗ ಹನ್ನೊಂದು ಗಂಟೆ ನಾಕು ನಿಮಿಷ. ಎರಡು ತಾಸಿನಾಗ ಮುಗಿಸಿ ಹೋಗ್ತೀನಿ ಅಂತ ಇವ ಅನ್ಕೊಂಡಿದ್ದ. ಬೆಲ್ಟ್ ಬಿಚ್ಚಿ ನೋಡಿದ್ರ ಜಾಯಿಂಟ್ ಅಷ್ಟ ಅಲ್ಲ, ಒಂದು ಮಾರುದ್ದ ಹರಿದಿತ್ತು, ತುಂಡು ಜೋಡಿಸಬೇಕು, ಸಾಮಾನು ಹೊಸಪೇಟಿಂದ ಬರಬೇಕು. ಚಾ ಕುಡಿಯಾಕ ಹೊರಗ ಬಂದಾಗ ಫೋನ್ ನೋಡ್ದ. ಆಕಿದು ಎರಡು ಮಿಸ್ ಕಾಲ್, ಹತ್ತೂ ಹತ್ತಕ್ಕ ಒಂದು, ಹತ್ತೂ ಐವತ್ತಕ್ಕ ಒಂದು. ಬರಾಕ ಆಗಂಗಿಲ್ಲ ಅನ್ನೋದು ಆ ಟೈಮಿಗೆ ಅವಂಗ ಖಾತ್ರಿ ಆಗಿತ್ತು. ಈಗ ಹೇಳಿದ್ರ ಜಗಳ ಆಗ್ತತಿ, ಕೆಲಸ ಮುಗಿಸಿ ಸಮಾಧಾನದಾಗ ಮಾತಾಡೋಣು ಅಂತ ಫೋನ್ ವಾಪಸ್ ಕಿಸೆಕ್ಕ ಇಟ್ಟ. ಆಮ್ಯಾಲ ಮತ್ತ ಮೂರು ಕಾಲ್ ಬಂದ್ವು, ಅವನ್ನ ಖರೇನ ನೋಡಿಲ್ಲ. ಬೆಲ್ಟ್ ತಿರುಗಿದ್ದು ಮೂರೂವರಿಗೆ.

ಮೂರೂ ಐವತ್ತೆರಡಕ್ಕ ಕಳಿಸಿದ ಮೆಸೇಜ್ ಇದು, ಒಂದಕ್ಷರ ಬದಲು ಮಾಡಿಲ್ಲ:

"ಸಾರಿ ಚಿನ್ನ. ಏನ್ ಮಾಡ್ಲಿ ಹೇಳು, ಬೆಳಿಗ್ಗೇನ ಎಲಿವೇಟರ್ ಬೆಲ್ಟ್ ಕಟ್ಟಾತು. ಡ್ರೈಯರ್ ತುಂಬ ಹಸಿ ಭತ್ತ ಇತ್ತು, ಬಿಟ್ಟಿದ್ರ ಪೂರ್ತಿ ಮಾಲು ಹೋಗ್ತಿತ್ತು. ಸಾಮಾನು ಹೊಸಪೇಟಿಂದ ಬರೋತನಾ ಲೇಟಾತು. ಸಾವ್ಕಾರ ತಲಿ ಮ್ಯಾಲ ನಿಂತಿದ್ದ. ಗದ್ದಲದಾಗ ಫೋನ್ ನೋಡಾಕ ಆಗ್ಲೇ ಇಲ್ಲ. ನಿಂಗ ಬ್ಯಾಸರ ಆಗಿದ್ರ ಸಾರಿ. ಆದ್ರ ನನ್ನ ಕೆಲಸ ಹ್ಯಾಂಗ ಅಂತ ನಿಂಗೂ ಗೊತ್ತಲ್ಲ. ಅರ್ಥ ಮಾಡ್ಕೋತಿ ಅನ್ಕೊಂಡೀನಿ. ಫಂಕ್ಷನ್ ಚೊಲೋ ಆತಲ್ಲ?"

ಕೆಳಗ ಒಂದು ನಗೋ ಇಮೋಜಿ.

ಆಕಿ ಉತ್ತರ: "ಹ್ಞೂಂ. ಚೊಲೋ ಆತು."

ಇಷ್ಟ. ಇವ ಅದನ್ನ ಓದಿ ಸ್ವಲ್ಪ ನಿರಾಳ ಆದನಂತ! ರಾತ್ರಿ ಫೋನ್ ಮಾಡಿದ್ರ ಎತ್ತಲಿಲ್ಲ, ಆವಾಗ ತಿಳೀತು. ಅಲ್ಲಿಂದ ಮರುದಿನ ಸಂಜಿತನಾ ಕೈ ಮುಗಿಯೋ ಸ್ಟಿಕ್ಕರು, ಪ್ಲೀಸ್ ಪ್ಲೀಸ್, ಒಂದ್ಸಲ ಮಾತಾಡು, ಯಾಕ ಹಿಂಗ ಮಾಡಾಕತ್ತಿ, ಹಿಂಗ ಹದಿನಾಲ್ಕು ಮೆಸೇಜ್, ನಡುವ ಎರಡು ಕಳಿಸಿ ಡಿಲೀಟ್ ಮಾಡ್ಯಾನ. ಡಿಲೀಟ್ ಮಾಡಿದ್ರೂ ಅಲ್ಲಿ ಡಿಲೀಟ್ ಆಗೇತಿ ಅಂತ ಗುರುತು ಉಳೀತತಿ, ಏನ್ ಬರದಿದ್ನೋ ಅಂತ ಓದಾವ್ರಿಗೆ ಇನ್ನೊಂದು ಹುಳ ಬಿಟ್ಟಂಗ.

ಸೋಮವಾರ ಸಂಜಿಕ ಮಿರ್ಚಿ ಬಂಡಿ ಹತ್ರ ನನ್ನ ಕೈಗೆ ಫೋನ್ ಕೊಟ್ಟು, ನೋಡಲೇ, ಸಾರಿ ಕೇಳೀನಲ್ಲ, ಎರಡೆರಡು ಸಲ ಕೇಳೀನಿ, ಇನ್ನೇನ್ ಮಾಡ್ಲಿ ಅಂದ. ಮಂಡಕ್ಕಿ ಆರಿ ಹೋಗೋತನಾ ಅದೊಂದು ಮೆಸೇಜನ್ನ ನೋಡಿದ್ವಿ.

ಹತ್ತು ವಾಕ್ಯ ಅದಾವು, ಐದು ಮಿಲ್ಲಿಂದು. ಮೊದಲ ಸಾರಿ ಆದ ಕೂಡ್ಲೇ ಬೆಲ್ಟ್ ಬರ್ತತಿ, ಭತ್ತ ಬರ್ತತಿ, ಸಾವ್ಕಾರ ಬರ್ತಾನ, ಆಕಿ ಬರಬೇಕಂದ್ರ ಏಳನೇ ವಾಕ್ಯ ಆಗಬೇಕು. ಆಕಿ ಅಕ್ಕನ ಹೆಸರಿಲ್ಲ, ಅವ್ವ ಇಲ್ಲ, ಕುಬಸ ಅನ್ನೋ ಶಬ್ದಾನೂ ಇಲ್ಲ, ಫಂಕ್ಷನ್ ಅಂದಾನ. ಏಳನೇ ವಾಕ್ಯದಾಗ ಆಕಿ ಬಂದ್ರೂ "ಬ್ಯಾಸರ ಆಗಿದ್ರ" ಅಂತ ಬಂದಾಳ. ಆ "ದ್ರ" ಐತಲ್ಲ, ಅದು ಒಂದು ಡೌಟು ಇಟ್ಟಂಗ, ಆಗಿರಬಹುದು ಆಗಿಲ್ಲದಿರಬಹುದು, ಆಗಿದ್ರ ತಗೋ ಒಂದು ಸಾರಿ. ಐದು ಸಲ ಫೋನ್ ಮಾಡಿದವ್ಳಿಗೆ ಬ್ಯಾಸರ ಆಗೇತೋ ಇಲ್ಲೋ ಅಂತ ಡೌಟು ಪಡೋದು, ಅದನ್ನ ಓದಿದ್ರ ಯಾರಿಗಾದ್ರೂ ಉರೀತತಿ. "ಅರ್ಥ ಮಾಡ್ಕೋತಿ ಅನ್ಕೊಂಡೀನಿ" ಅನ್ನೋದು ಇನ್ನೂ ಒಂದು ಹೆಜ್ಜಿ ಮುಂದ, ತಪ್ಪು ಇವಂದು, ಕೆಲಸ ಆಕಿಗೆ ಹಚ್ಯಾನ.

ನನಗ ಎಲ್ಲಾಕಿಂತ ಜಾಸ್ತಿ ಕಂಡಿದ್ದು ಮಾತ್ರ ಬ್ಯಾರೆ. ಕ್ರಿಯಾಪದ ನೋಡ್ರಿ. ಬೆಲ್ಟ್ ಕಟ್ಟಾತು. ಲೇಟಾತು. ನೋಡಾಕ ಆಗ್ಲೇ ಇಲ್ಲ. ನಮ್ಮ ಭಾಷಾದಾಗ ಈ "ಆತು" ಭಾಳ ಅನುಕೂಲದ ಸಾಮಾನು, ಎಲ್ಲಾ ತಂತಾನ ಆಗಿಬಿಡ್ತತಿ, ಮಾಡಿದವ ಒಬ್ಬ ಇರೋದೇ ಇಲ್ಲ. ಅಷ್ಟ ಯಾಕ, ತಪ್ಪು ಒಪ್ಕೊಳ್ಳೋ ಮಾತನ್ನೇ ನಾವು "ತಪ್ಪಾತು" ಅಂತೀವಿ, ಮಳಿ ಆತು, ಊಟ ಆತು, ತಪ್ಪಾತು. ಹಿರಿಯರ ಮುಂದ ಕೈ ಮುಗಿದು ತಪ್ಪಾತ್ರೀ ಅಂದ್ರ ಅದಕ್ಕ ತೂಕ ಐತಿ, ಕೈ ಮುಗದದ್ದು ಕಾಣ್ತತಿ, ತಲಿ ತಗ್ಗಿದ್ದು ಕಾಣ್ತತಿ. ಮೆಸೇಜಿನ್ಯಾಗ ಕೈನೂ ಇಲ್ಲ ಮುಖಾನೂ ಇಲ್ಲ, ಬರೇ "ತಪ್ಪಾತು" ಅಂತ ಬಿದ್ದಿದ್ರ "ತಪ್ಪಾತು ಮಾರಾಯ್ತಿ ಬಿಡು" ಅನ್ನೋ ಧಾಟಿ ಕೇಳಸ್ತತಿ. ಹಂಗಾಗಿ ಅದರಾಗ "ನಾ" ಇರಬೇಕು, "ಮಾಡ್ದೆ" ಇರಬೇಕು. ನಾ ನೋಡ್ದೆ, ನಾ ಹೇಳಲಿಲ್ಲ. ಬರಿಯಾಕ ಕುಂತ್ರ ಗೊತ್ತಾಗ್ತತಿ ಎಷ್ಟು ಕಷ್ಟ ಅಂತ, ಕೈ ತಾನ ಆತು ಅಂತ ಬರೀತತಿ.

ಮತ್ತ ಆರನೇ ವಾಕ್ಯ ಸುಳ್ಳು. ಅದು ನನಗೂ ಗೊತ್ತಿರಲಿಲ್ಲ, ಫೋನ್ ನೋಡಿರಲಿಲ್ಲ ಅಂತಾನ ನನಗೂ ಹೇಳಿದ್ದ. ನಾ ಸುಮ್ನ ಕೇಳ್ದೆ, ಮುಂಜಾನಿಯಿಂದ ಮೂರೂವರಿತನಾ ಒಂದ್ಸಲನೂ ನೋಡಿಲ್ಲೇನಲೇ ಅಂತ. ಸುಮ್ನಾದ. ಆಮ್ಯಾಲ ಹನ್ನೊಂದರ ಕತಿ ಹೇಳಿದ. ಲೇ ನಿಂದು ಲಾಸ್ಟ್ ಸೀನ್ ಕಾಣ್ತತಿ ಅಲ್ಲ ಅಂದೆ. ಮಿರ್ಚಿ ಕೈಯಾಗ ಹಂಗ ಉಳೀತು.

ಈಗ ಹೊಸ ಮೆಸೇಜ್ ಬರಿಬೇಕು ಅಂತ ಅವ ಆವಾಗ್ಲೇ ಟೈಪ್ ಮಾಡಾಕ ಹತ್ತಿದ. ನಾ ತಡದೆ, ಯಾಕಂದ್ರ ಒಂದು ಪ್ರಶ್ನಿಗೆ ಅವನ ಕಡೆ ಉತ್ತರ ಇರಲಿಲ್ಲ. ಹನ್ನೊಂದರಿಂದ ಎರಡೂವರಿತನಾ ಅಲ್ಲಿ ಆಕಿ ಮನ್ಯಾಗ ಏನಾತು? ಅವಂಗ ಗೊತ್ತಿಲ್ಲ. ಕೇಳೇ ಇಲ್ಲ. ಕೇಳಿದ ಒಂದು ಪ್ರಶ್ನಿ "ಚೊಲೋ ಆತಲ್ಲ", ಅದು ಹ್ಞೂಂ ಅಂತ ಉತ್ತರ ಬರ್ಲಿ ಅಂತಾನ ಕೇಳಿದ್ದು. ಏನು ಕೆಟ್ಟೇತಿ ಅಂತ ಗೊತ್ತಿಲ್ಲದ ಯಾವ್ದಕ್ಕ ಸಾರಿ ಕೇಳ್ತಿ? ಬೆಲ್ಟ್ ಬಿಚ್ಚಿ ನೋಡದ ಸಾಮಾನು ತರಾಕ ಯಾರನ್ನರ ಹೊಸಪೇಟಿಗೆ ಕಳಸ್ತಿ ಏನು ಅಂದೆ, ಈ ಮಾತು ಅವಂಗ ತಟ್ಟಿತು.

ಇದು ನನ್ನ ಸ್ವಂತ ಬುದ್ಧಿ ಅಷ್ಟ ಅಲ್ಲ. ಸಿಂಥಿಯಾ ಫ್ರಾಂಟ್ಸ್ ಮತ್ತ ಕೋರ್ಟ್ನಿ ಬೆನ್ನಿಗ್ಸನ್ ಅಂತ ಅಮೆರಿಕಾದ ಇಬ್ರು 2005ರಾಗ ಇದನ್ನ ಪರೀಕ್ಷೆ ಮಾಡಿ ಪ್ರಕಟ ಮಾಡ್ಯಾರ. ನೊಂದವ್ರು ತಮ್ಮ ಮಾತು ಪೂರ್ತಿ ಹೇಳ್ಕೊಂಡು, ಇವಂಗ ತಿಳೀತು ಅಂತ ಅನ್ಸಿದ ಮ್ಯಾಲ ಬಂದ ಕ್ಷಮೆ, ಗಡಬಡಿಸಿ ಮೊದಲ ಬಂದ ಕ್ಷಮೆಗಿಂತ ಚೊಲೋ ಹತ್ತತತಿ ಅಂತ ಅದರ ಸಾರ. ನಮ್ಮ ಅವ್ವಂದಿರು ಮೊದಲ ಆಕಿ ಬೈದು ಮುಗಸ್ಲಿ ತಡಿ ಅಂತಾರಲ್ಲ, ಅದ ಅದು.

ಹಂಗಾಗಿ ಸೋಮವಾರ ರಾತ್ರಿ ಎಂಟಕ್ಕ ಬರೇ ಇಷ್ಟು ಹೋತು: "ಐತವಾರ ಅಲ್ಲಿ ಏನೇನಾತು ಅಂತ ನಾ ಕೇಳೇ ಇಲ್ಲ. ನಿಂಗ ಹೇಳಬೇಕು ಅನ್ಸಿದಾಗ ಹೇಳು. ನಾ ನಡುವ ಮಾತಾಡಂಗಿಲ್ಲ, ಕೇಳ್ತೀನಿ." ಪ್ಲೀಸ್ ಇಲ್ಲ, ಸ್ಟಿಕ್ಕರ್ ಇಲ್ಲ. ಎರಡು ತಾಸು ಏನೂ ಬರಲಿಲ್ಲ, ಇವ ಒಂದು ಕಡೆ ಕುಂದರಾಕತ್ತಿರಲಿಲ್ಲ, ಇನ್ನೊಂದು ಹಾಕಲೇನು ಇನ್ನೊಂದು ಹಾಕಲೇನು ಅಂತ, ನಾ ಫೋನ್ ಕಸಕೊಂಡು ದಿಂಬಿನ ಕೆಳಗ ಇಟ್ಟಿದ್ದೆ. ಹತ್ತರ ಮ್ಯಾಲ ಆರು ನಿಮಿಷದ ವಾಯ್ಸ್ ಮೆಸೇಜ್ ಬಂತು. ನಾ ಕೇಳಿಲ್ಲ, ಅದು ಅವರಿಬ್ರದು. ಅವ ಹೊರಗ ಕಟ್ಟಿ ಮ್ಯಾಲ ಕುಂತು ಎರಡು ಸಲ ಕೇಳಿ ಒಳಗ ಬಂದು ಹೇಳಿದ್ದಷ್ಟ ನನಗ ಗೊತ್ತು.

ಆಕಿಗೆ ಇವ ಬರದಿದ್ದು ದೊಡ್ಡದಾಗಿರಲಿಲ್ಲ. ಹತ್ತು ಗಂಟೆಯಿಂದ ಮನ್ಯಾಗ ಎಲ್ಲಾರೂ ಕೇಳಾಕತ್ತಿದ್ರು, ಎಲ್ಲಿ ಅದಾನ ನಿಮ್ಮ ಫ್ರೆಂಡು ಅಂತ, ಆಕಿ ದಾರ್ಯಾಗ ಅದಾನ, ಕಾರಟಗಿ ದಾಟ್ಯಾನ ಅಂತ ಸುಳ್ಳು ಹೇಳ್ಕೋತ ಹೋದ್ಲು. ಇವನ ಸಲುವಾಗಿ ಆಕಿ ಸುಳ್ಳು ಹೇಳಬೇಕಾತು, ನೋಡ್ರಿ. ಊಟಕ್ಕ ಕುಂತಾಗ ದೊಡ್ಡಪ್ಪ ಎಲ್ಲಾರ ಮುಂದ, ಏನವಾ ನಿಮ್ಮ ಹುಡುಗ ಕಾರಟಗಿ ದಾಟಿ ಯಾವೂರಿಗೆ ಹೋದ ಅಂದ್ರಂತ, ಪಂಕ್ತಿ ಪೂರ್ತಿ ನಕ್ಕಿತು. ಅದಕ್ಕಿಂತ ದೊಡ್ಡದು ಆಯೇರಿ. ಅವ್ವ ಯಾರಿಗೂ ಹೇಳ್ದ ಇವನ ಸಲುವಾಗಿ ಒಂದು ಶರ್ಟ್ ಪೀಸು, ಒಂದು ಟವೆಲ್ಲು ತಂದು ಕುಂಕುಮ ಹಚ್ಚಿ ತಾಟಿನ್ಯಾಗ ಇಟ್ಟಿದ್ಲು. ಬಂದ ಗಂಡಸರಿಗೆಲ್ಲಾ ಆಯೇರಿ ಮಾಡಿ ಮುಗದ ಮ್ಯಾಲ ಒಂದು ತಾಟು ಹಂಗ ಉಳೀತು, ಚಿಗವ್ವ ಎತ್ತಿ ಹಿಡಿದು ಇದ್ಯಾರದು ಇದ್ಯಾರದು ಅಂತ ಇಡೀ ಪಡಸಾಲಿ ಕೇಳ್ಯಾಳ. ಅವ್ವ ಏನೂ ಅನ್ನಲಾರದ ಒಳಗ ಹೋದ್ಲು. ಆಕಿ ಅಡಗಿ ಮನ್ಯಾಗ ನಿಂತು ಅತ್ತಾಳ, ಅಕ್ಕನ ಕುಬಸದ ದಿನ ಕಣ್ಣೀರು ಹಾಕಬಾರದು ಅಂತ ಬೈಸ್ಕೊಂಡೂ ಆತು.

ಈಗ ಮೊದಲ್ನೇ ಮೆಸೇಜನ್ನ ಇದರ ಮಗ್ಗಲ ಇಟ್ಟು ಓದ್ರಿ. ಡ್ರೈಯರ್ ತುಂಬ ಹಸಿ ಭತ್ತ ಇತ್ತು.

ರಾತ್ರೀನ ಅವ ಒಂದು ಬರದ. ಉದ್ದಂದ್ರ ಉದ್ದ. ನಾನು ಪಾಪಿ, ನನ್ನಂಥಾವ ನಿಂಗ ತಕ್ಕವಲ್ಲ, ನೀ ನನ್ನ ಬಿಟ್ರೂ ನಾ ಏನೂ ಅನ್ನಂಗಿಲ್ಲ, ಅನ್ನಾಕ ನಂಗ ಯೋಗ್ಯತೆ ಇಲ್ಲ, ಹಿಂಗ. ಓದಾಕ ಕಣ್ಣಾಗ ನೀರು ಬರ್ತತಿ, ಆದ್ರ ಯಾರ ಸಲುವಾಗಿ ಬರ್ತತಿ? ಇವನ ಸಲುವಾಗಿ! ಅದನ್ನ ಓದಿದ ಆಕಿ ಏನ್ ಮಾಡಬೇಕು, ಇಲ್ಲ ಬಿಡೋ ನೀ ಅಂಥಾವಲ್ಲ ಅಂತ ಸಮಾಧಾನ ಮಾಡಬೇಕು. ಅತ್ತಾಕಿ ಆಕಿ, ಸಮಾಧಾನ ಮಾಡಾಕಿನೂ ಆಕಿನ. ಪೂರ್ತಿ ತಗದ್ವಿ. ಇನ್ಮ್ಯಾಲ ಯಾವ ಕಾರ್ಯಾನೂ ತಪ್ಪಿಸಂಗಿಲ್ಲ ಅಂತ ಒಂದು ಆಣಿನೂ ಇತ್ತು, ಅದನ್ನೂ ತಗದ್ವಿ. ಮಿಲ್ಲಿನ ಕೆಲಸ, ಸೀಜನ್ನಿನಾಗ ಬೆಲ್ಟ್ ಕಟ್ಟಾಗ್ತತಿ, ಬೇರಿಂಗ್ ಹೋಗ್ತತಿ, ಬಾಯ್ಲರ್ ಲೀಕ್ ಆಗ್ತತಿ, ಮೂರು ತಿಂಗಳಾಗ ಈ ಆಣಿ ಮುರೀತತಿ, ಆವಾಗ ಇವತ್ತಿನ ಮೆಸೇಜೂ ಸುಳ್ಳಾಗ್ತತಿ. ಬರ್ತೀನಿ ಅಂತ ಹೇಳಾಕ ಅವನ ಕೈಯಾಗಿಲ್ಲ, ಬರಂಗಿಲ್ಲ ಅಂತ ಟೈಮಿಗೆ ಹೇಳೋದು ಕೈಯಾಗ ಐತಿ.

ಕ್ಷಮಿಸು ಅನ್ನೋದು ಬೇಕೋ ಬ್ಯಾಡೋ ಅಂತ ನಮ್ಮಿಬ್ರಿಗೂ ವಾದ ಬಿತ್ತು. ಕ್ಷಮೆ ಕೇಳೋ ಮೆಸೇಜಿನ್ಯಾಗ ಕ್ಷಮಿಸು ಇರ್ಲಿಲ್ಲಂದ್ರ ಹ್ಯಾಂಗ ಅಂತ ಅವ. ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ರಾಯ್ ಲೆವಿಕಿ ಮತ್ತ ಜೋಡಿಯವ್ರು 2016ರಾಗ 755 ಮಂದಿನ್ನ ಇಟ್ಕೊಂಡು, ಕ್ಷಮೆ ಮಾತಿನ ಆರು ಭಾಗದಾಗ ಯಾವ್ದು ಎಷ್ಟು ಕೆಲಸ ಮಾಡ್ತತಿ ಅಂತ ನೋಡ್ಯಾರ. ತಪ್ಪು ನಂದು ಅಂತ ಒಪ್ಕೊಳ್ಳೋದು ಎಲ್ಲಾಕಿಂತ ಮ್ಯಾಲ ಬಂತು, ಅದರ ಹಿಂದ ಕೆಟ್ಟದ್ದನ್ನ ಸರಿ ಮಾಡ್ತೀನಿ ಅನ್ನೋದು, ಎಲ್ಲಾಕಿಂತ ಕೆಳಗ ಕ್ಷಮಿಸು ಅಂತ ಕೇಳೋದು. ಅವರು ಕೊಟ್ಟಿದ್ದ ಸಂದರ್ಭ ಕೆಲಸದ ಜಾಗದ್ದು, ಪ್ರೀತಿದಲ್ಲ, ಅಷ್ಟು ತಿಳಕೊಂಡ ಹೇಳಬೇಕು. ಆದ್ರ ನನಗ ಕಾರಣ ಗೊತ್ತಾಗ್ತತಿ, ಕ್ಷಮಿಸು ಅಂದ್ರ ಆಕಿ ಆವಾಗ್ಲೇ ಹ್ಞೂಂ ಇಲ್ಲಾ ಊಹ್ಞೂಂ ಅನ್ನಬೇಕು, ಮತ್ತ ಕೆಲಸ ಆಕಿಗೇ. ತಗದ್ವಿ. ಅವ ಒಲ್ಲದ ಮನಸಿಲೆ ತಗದ.

ರಾತ್ರಿ ಹನ್ನೆರಡೂವರಿ ಆಗಿತ್ತು, ಕಳಸ್ತೀನಿ ಅಂದ, ಬ್ಯಾಡ ಅಂದೆ. ಆ ಹೊತ್ತಿಗೆ ಬಂದ ಮೆಸೇಜ್ ಒಂದು ನಿದ್ದಿ ಕೆಡಸ್ತತಿ, ಇಲ್ಲಾ ಮುಂಜಾನಿ ಸ್ಕೂಲಿಗೆ ಓಡೋ ಗಡಬಡ್ಯಾಗ ಓದಿಸ್ಕೋತತಿ. ಮಂಗಳವಾರ ಸಂಜಿಕ ಐದೂವರಿ, ಆಕಿ ಮನಿಗೆ ಬಂದು ಮುಖ ತೊಳ್ಕೊಂಡಿರೋ ಟೈಮು, ಆವಾಗ ಹೋತು:

"ಐತವಾರ ಫೋನ್ ನೋಡಾಕ ಆಗ್ಲಿಲ್ಲ ಅಂದಿದ್ದು ಸುಳ್ಳು. ಹನ್ನೊಂದಕ್ಕ ನೋಡ್ದೆ, ನಿನ್ನ ಎರಡು ಕಾಲ್ ಇದ್ವು. ಬರಾಕ ಆಗಂಗಿಲ್ಲ ಅಂತ ಆವಾಗ್ಲೇ ನಂಗ ಗೊತ್ತಿತ್ತು, ನೀ ಬೈತಿ ಅಂತ ಅಂಜಿ ಫೋನ್ ಮಾಡಲಿಲ್ಲ. ನಾ ಬರದಿದ್ದಕ್ಕ ಮಿಲ್ಲಿನ ಕೆಲಸ ಕಾರಣ. ಹೇಳದಿದ್ದಕ್ಕ ನಾನ ಕಾರಣ.

ನಾ ಹೇಳದಿದ್ದಕ್ಕ ನೀ ನನ್ನ ಸಲುವಾಗಿ ಎಲ್ಲಾರ ಮುಂದ ಸುಳ್ಳು ಹೇಳ್ಕೋತ ನಿಂತಿ. ದೊಡ್ಡಪ್ಪ ಅಂದ ಮಾತು ನನಗ ಅನ್ನಬೇಕಾಗಿದ್ದು, ನೀ ಕೇಳಿಸ್ಕೊಂಡಿ. ಅವ್ವ ನನಗಂತ ಇಟ್ಟ ಆಯೇರಿ ಎಲ್ಲಾರ ಮುಂದ ಉಳಿಯಂಗ ಮಾಡ್ದೆ. ಅಕ್ಕನ ಕುಬಸದ ದಿನ ನೀ ಅಳೋವಂಗ ಮಾಡ್ದೆ. ಆಮ್ಯಾಲ ಅದನ್ನ ಕೇಳೋದು ಬಿಟ್ಟು ಬೆಲ್ಟಿನ ಕತಿ ಹೇಳ್ದೆ. ಇಷ್ಟೂ ನಾ ಮಾಡಿದ ತಪ್ಪು.

ಅವ್ವಗ ನಾನ ಫೋನ್ ಮಾಡಿ ಹೇಳ್ತೀನಿ, ನಿನ್ನ ಕೈಲೆ ಹೇಳ್ಸಂಗಿಲ್ಲ. ನೀ ಬ್ಯಾಡ ಅಂದ್ರ ಮಾಡಂಗಿಲ್ಲ. ಸೀಜನ್ನಿನಾಗ ಎಲ್ಲಾ ಕಾರ್ಯಕ್ಕೂ ಬರ್ತೀನಿ ಅಂತ ಹೇಳಾಕ ನನ್ನ ಕೈಲೆ ಆಗಂಗಿಲ್ಲ. ಆದ್ರ ಬರೋದು ಡೌಟು ಅಂತ ಅನ್ಸಿದ ಕೂಡ್ಲೇ, ಬೈಸ್ಕೊಂಡ್ರೂ ಸೈ, ಫೋನ್ ಮಾಡಿ ಹೇಳ್ತೀನಿ.

ಇದಕ್ಕ ಈಗ ಉತ್ತರ ಕೊಡಬೇಕು ಅಂತಿಲ್ಲ."

ಸುಳ್ಳನ್ನ ಮೊದಲ ಸಾಲಿನಾಗ ಇಟ್ಟಿದ್ದು ಬೇಕಂತಾನ. ಅದು ನಡುವ ಎಲ್ಲೋ ಇದ್ರ, ಅದಕ್ಕಿಂತ ಮುಂಚೆ ಓದಿದ್ದೆಲ್ಲಾ ಆಕಿ ಡೌಟಿಲೆ ಓದಿರ್ತಾಳ. ಮಿಲ್ಲಿಗೆ ಒಂದು ವಾಕ್ಯ ಕೊಟ್ವಿ, ಪೂರ್ತಿ ತಗದ್ರ ಅದೂ ಖರೆ ಆಗಂಗಿಲ್ಲ, ಕೆಲಸ ಇದ್ದಿದ್ದು ಖರೇನ ಅಲ್ಲ. ಚಿನ್ನ ಅನ್ನೋದನ್ನ ತಗದಿದ್ದು ಅವನ, ಈಗ ಹಂಗ ಕರಿಯಾಕ ನಾಚಿಕಿ ಬರ್ತತಿ ಅಂದ.

ಬ್ಲೂ ಟಿಕ್ ಬಂದು ಎರಡು ತಾಸಿನ ಮ್ಯಾಲ ಉತ್ತರ. "ಓದಿದೆ. 11:04ಕ್ಕ ನೀ ಆನ್‌ಲೈನ್ ಇದ್ದಿ ಅಂತ ಐತವಾರನ ನೋಡಿದ್ದೆ. ನೀ ಆಗಿ ಹೇಳ್ತೀಯೋ ಇಲ್ಲೋ ಅಂತ ಸುಮ್ನಿದ್ದೆ." ಅದರ ಕೆಳಗ ಇನ್ನೊಂದು, "ಅವ್ವಗ ಫೋನ್ ಮಾಡು. ನನಗ ಸದ್ಯ ಬ್ಯಾಡ."

ಅಂದ್ರ ಇವ ಎರಡನೇ ಸಲನೂ ಆ ಸುಳ್ಳನ್ನ ಮುಚ್ಚಿಟ್ಟು ಎಷ್ಟು ಚಂದ ಬರದಿದ್ರೂ ಕೆಲಸ ಆಗ್ತಿರಲಿಲ್ಲ. ಇದನ್ನ ಓದಿ ಅವನಕಿಂತ ಜಾಸ್ತಿ ನನಗ ಬೆವರು ಬಂತು.

ಅವ್ವಗ ಮೆಸೇಜ್ ಮಾತ್ರ ಬ್ಯಾಡ ಅಂತ ಮೊದಲ್ನ ಅನ್ಕೊಂಡಿದ್ವಿ. ಆ ವಯಸ್ಸಿನವ್ರಿಗೆ ಮೆಸೇಜಿನ್ಯಾಗ ಕ್ಷಮೆ ಕೇಳೋದಂದ್ರ ಬಾಗಲಾಗ ನಿಂತು ಒಳಗ ಬರಲಾರದ ಹೋದಂಗ, ದನಿ ಕೇಳಬೇಕು ಅವ್ರಿಗೆ. ಬುಧವಾರ ಫೋನ್ ಮಾಡ್ದ, ಎರಡು ನಿಮಿಷ ಆಗಿರಬಹುದು. ಅಮ್ಮಾ ನಮಸ್ಕಾರ್ರೀ, ಐತವಾರ ಬರ್ತೀನಂತ ಹೇಳಿ ಬರಲಿಲ್ಲ, ಬರಂಗಿಲ್ಲಂತ ಒಂದು ಮಾತೂ ಹೇಳಲಿಲ್ಲ, ನೀವು ನನ್ನ ಸಲುವಾಗಿ ಆಯೇರಿ ಇಟ್ಟಿದ್ರಂತ, ತಪ್ಪು ಮಾಡೀನ್ರೀ, ಅಂದ. ಆಕಡಿಂದ ಅಮ್ಮ, ಅಲ್ಲಪಾ ತಮ್ಮ, ಒಂದು ಫೋನ್ ಮಾಡಿದ್ರ ಆಗ್ತಿತ್ತಲ್ಲ, ಡ್ರೈಯರಾಗ ಭತ್ತ ಕುಂತೇತಿ ಅಂದ್ರ ನಮಗ ತಿಳಿಯಂಗಿಲ್ಲೇನು, ನಾವೂ ಭತ್ತ ಬೆಳ್ಯಾವ್ರ ಅದೀವಲ್ಲಪಾ. ನಾ ಮಗ್ಗಲ ಕುಂತು ಕೇಳಾಕತ್ತಿದ್ದೆ. ಆಕಿ ಮನ್ಯಾಗ ಎಲ್ಲಾರಿಗೂ ಅರ್ಥ ಆಗೋ ಕಾರಣ ಇತ್ತು ಅವನ ಕಡೆ, ಹನ್ನೊಂದಕ್ಕ ಅದನ್ನ ಹೇಳಿದ್ರ ದೊಡ್ಡಪ್ಪನ ಅಯ್ಯೋ ಪಾಪ ಅಂತಿದ್ರು, ಸಂಜಿ ನಾಕಕ್ಕ ಅದು ನೆಪ ಆಗಿ ಹೋತು, ಮಾತು ಅದ, ಐದು ತಾಸಿನ ಫರಕು.

ಆಕಿ ನಾಕು ದಿನ ಮಾತಾಡಲಿಲ್ಲ. ಇವ ಆ ನಾಕು ದಿನ ಒಂದೂ ಮೆಸೇಜ್ ಹಾಕಲಿಲ್ಲ, ಇದು ಬರಿಯೋದಕ್ಕಿಂತ ಕಷ್ಟ ಆತು ಅವಂಗ. ಶುಕ್ರವಾರ ನಾ ಸ್ವಲ್ಪ ಅಂಜಿದೆ, ಮುಗೀತೇನೋ ಅಂತ, ಹಂಗ ಮುಗಿಯೋದೂ ಇರ್ತತಿ, ಮೂರನೇದ್ದೋ ನಾಕನೇದ್ದೋ ಸಲ ಹಿಂಗ ಆಗಿದ್ರ ಈ ಮೆಸೇಜ್ ಒಂದು ಕಾಸಿನ ಕೆಲಸ ಮಾಡ್ತಿರಲಿಲ್ಲ, ಬರೇ ಚಂದ ಬರೀತಾನ ಅನ್ಸಿಕೋತಿದ್ದ. ಶನಿವಾರ ರಾತ್ರಿ ಆಕಿನ ಫೋನ್ ಮಾಡಿದ್ಲು. ಅರ್ಧ ತಾಸು ಬೈದ್ಲು. ಬೈದಿದ್ದು ಕೇಳಿ ಇವ ನಕ್ಕೋತ ರೂಮಿಗೆ ಬಂದ, ಹುಚ್ಚನಂಗ.

ಮುಂದಿನ ಐತವಾರ ಸಾವ್ಕಾರಗ ಮೊದಲ ಹೇಳಿ, ಹೆಲ್ಪರ್ ಹುಡುಗಗ ಎಲ್ಲಾ ಒಪ್ಪಿಸಿ ಹೋದ. ಏನ್ ಒಯ್ಯಲಿ ಅಂದ, ಬಳಿ ಸೀರಿ ನೀ ಒಯ್ಯೋದಲ್ಲ, ಹಣ್ಣು ಹೂವು ಒಯ್ಯಿ, ಮತ್ತ ಅಕ್ಕಗ ಬಯಕಿ ಏನೈತಿ ಕೇಳು ಅಂದೆ. ಹುಣಸಿ ಹಣ್ಣಿನ ಚಿಗಳಿ ಬೇಕಂತ, ಗಂಗಾವತಿ ಸಂತ್ಯಾಗ ಹುಡುಕಿ ಕಡ್ಡಿಗೆ ಚುಚ್ಚಿದ್ದು ಒಂದು ಹತ್ತು ಕಟ್ಟಿಸ್ಕೊಂಡ. ದೊಡ್ಡಪ್ಪ ಇರಲಿಲ್ಲ. ಅಪ್ಪ ಹೊಲದ ಮಾತು, ರೇಟಿನ ಮಾತು ಆಡಿ, ಎಲಿವೇಟರ್ ಬೆಲ್ಟ್ ಎಷ್ಟು ವರ್ಷ ಬರ್ತತಿ ಅಂತ ಕೇಳಿದ್ರಂತ. ಊಟ ಆದ ಮ್ಯಾಲ ಅವ್ವ ಕುಂಕುಮ ಹಚ್ಚಿ ಆ ಟವೆಲ್ ಕೊಟ್ಲು. ಶರ್ಟ್ ಪೀಸು ಅವತ್ತ ಚಿಗವ್ವ ಯಾರಿಗೋ ಬೀಗರಿಗೆ ಕೊಟ್ಟು ಮುಗಿಸಿಬಿಟ್ಟಿದ್ಲು.

ಜನವರ್ಯಾಗ ಒಂದ್ಸಲ ಬಾಯ್ಲರ್ ಲೀಕ್ ಆತು, ಆನೆಗೊಂದಿಗೆ ಹೋಗೋಣಂತ ಇಬ್ರೂ ಅನ್ಕೊಂಡಿದ್ದ ದಿನಾನ. ಆರೂ ಐವತ್ತಕ್ಕ ಫೋನ್ ಮಾಡಿ, ಡೌಟೈತಿ, ಒಂಬತ್ತಕ್ಕ ಪಕ್ಕಾ ಹೇಳ್ತೀನಿ ಅಂದ. ಒಂಬತ್ತಕ್ಕ ಆಗಂಗಿಲ್ಲ ಅಂದ. ಆಕಿ ಬೈದು ಗೆಳತಿ ಮನಿಗೆ ಹೋದ್ಲು.

ಅಕ್ಕಗ ಈಗ ದಿನ ತುಂಬ್ಯಾವ, ಇನ್ನ ತೊಟ್ಟಿಲ ಕಾರ್ಯ ಬರ್ತತಿ. ಅವ್ವ ಮೊನ್ನೆ ಆಕಿಗೆ ಹೇಳ್ಯಾಳಂತ, ಈ ಸಲ ಅವನ ಆಯೇರಿ ಅವ ಬಂದು ಪಡಸಾಲ್ಯಾಗ ಕುಂತ ಮ್ಯಾಲ ತರಸೋಣ, ಅಂಗಡಿ ಮನಿ ಹಿಂದೇ ಐತಿ ಅಂತ.